ಚಿಂಪಾಂಜಿಗಳ ಮುತ್ತು: ರಾಜಿಯೋ, ನಮ್ಮ ಕಲ್ಪನೆಯೋ?

ಪ್ರಶ್ನೆ: ಚಿಂಪಾಂಜಿಗಳು ಕಚ್ಚಾಡಿದ ಸ್ವಲ್ಪ ಹೊತ್ತಿಗೇ ಅಪ್ಪಿಕೊಂಡು ಮುತ್ತಿಡುವ ವಿಡಿಯೊ ಒಂದನ್ನು ನಮ್ಮ ಶಾಲೆಯ ಮಕ್ಕಳಿಗೆ ತೋರಿಸಿದೆ. ‘ಅವು ನಿಜವಾಗಿ ರಾಜಿಯಾದವೋ, ನಮಗೇ ಹಾಗೆ ಕಾಣುತ್ತದೋ?’ ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ರಾಜಿಯೇ ಆದರೆ ಅದರಿಂದ ಗುಂಪಿಗೆ ಏನು ಪ್ರಯೋಜನ? ನಮ್ಮ ಅಂಜನಾದ್ರಿಯ ಮಂಗಗಳೂ ಹೀಗೆ ಮಾಡುತ್ತವೆಯೇ?
– ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಆ ಹುಡುಗಿಗೆ ಮೊದಲು ಶಹಬ್ಬಾಸ್ ಹೇಳಿಬಿಡಿ. ಅವಳ ಅನುಮಾನ ವಿಜ್ಞಾನಿಗಳಿಗೂ ಇತ್ತು, ಅದನ್ನು ಬಗೆಹರಿಸಲು ಅವರು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ನಾನು ಚಿಂಪಾಂಜಿಗಳ ಸೋಜಿಗದ ಕಥೆಗಳಿಗಿಂತ ಮೊದಲು ಆ ಉಪಾಯವನ್ನೇ ಹೇಳುತ್ತಿದ್ದೆ. ಇಲ್ಲಿ ಮಾತ್ರ ಕಥೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಉಪಾಯ ಹುಟ್ಟಿದ್ದೇ ಅದರಿಂದ.

ನೆದರ್ಲೆಂಡ್ಸ್‌ನ ಆರ್ನೆಮ್ ಊರಿನ ಬರ್ಗರ್ಸ್ ಮೃಗಾಲಯದಲ್ಲಿ 1971ರಿಂದ ಚಿಂಪಾಂಜಿಗಳ ದೊಡ್ಡ ಗುಂಪೊಂದನ್ನು ನೀರಿನ ಕಂದಕ ಸುತ್ತುವರಿದ ವಿಶಾಲ ಜಾಗದಲ್ಲಿ ಸಾಕಿದ್ದರು. ಚಳಿಗಾಲದಲ್ಲಿ ಅವನ್ನು ದೊಡ್ಡ ಹಜಾರದೊಳಗೆ ಇಡುತ್ತಿದ್ದರು. 1975ರ ಸುಮಾರಿಗೆ ಅಲ್ಲಿ ಅಧ್ಯಯನಕ್ಕೆ ಬಂದ ಯುವ ವಿಜ್ಞಾನಿ ಫ್ರಾನ್ಸ್ ಡಿ ವಾಲ್ ಒಂದು ದಿನ ಒಳಗಡೆ ದೊಡ್ಡ ರಂಪವನ್ನೇ ನೋಡಿದರು. ಗಂಡೊಂದು ಹೆಣ್ಣೊಂದರ ಮೇಲೆ ಎರಗಿತು, ಉಳಿದವು ಅವಳ ರಕ್ಷಣೆಗೆ ಧಾವಿಸಿದವು, ಕಿರುಚಾಟ ಮುಗಿಲು ಮುಟ್ಟಿತು. ಆಮೇಲೆ ಎಲ್ಲವೂ ತಣ್ಣಗಾಯಿತು. ಆದರೆ ಯಾರೂ ತಮ್ಮ ಪಾಡಿಗೆ ತಾವು ಚದುರಲಿಲ್ಲ, ಏನನ್ನೋ ಕಾಯುತ್ತಿರುವಂತೆ ಕುಳಿತಿದ್ದವು. ಇದ್ದಕ್ಕಿದ್ದಂತೆ ಇಡೀ ಗುಂಪು ‘ಹೂ ಹೂ’ ಎಂದು ಕೂಗಲು ಆರಂಭಿಸಿತು, ಒಂದು ಗಂಡು ಅಲ್ಲಿದ್ದ ಲೋಹದ ಡ್ರಮ್ಮುಗಳನ್ನು ಬಡಿಯತೊಡಗಿತು. ಆ ಗದ್ದಲದ ನಡುವೆ ಎರಡು ಚಿಂಪಾಂಜಿಗಳು ಅಪ್ಪಿಕೊಂಡು ಮುತ್ತಿಟ್ಟುಕೊಳ್ಳುತ್ತಿದ್ದವು. ಡಿ ವಾಲ್ ಅವರಿಗೆ ಆ ಕ್ಷಣದಲ್ಲಿ ಏನೂ ಅರ್ಥವಾಗಲಿಲ್ಲ. ಹಲವು ಗಂಟೆಗಳ ನಂತರ ಮನಸ್ಸಿನಲ್ಲಿ ಅದನ್ನೇ ಮೆಲುಕು ಹಾಕುವಾಗ, ಮುತ್ತಿಟ್ಟ ಆ ಎರಡು ಜೀವಗಳೇ ಮೊದಲು ಜಗಳಕ್ಕೆ ಬಿದ್ದವು ಎಂಬುದು ಹೊಳೆಯಿತು.

ಅಲ್ಲಿಯವರೆಗೂ ಪ್ರಾಣಿಗಳ ಜಗಳವನ್ನು ಅಭ್ಯಸಿಸುವವರು ಯಾರು ಗೆದ್ದರು, ಯಾರು ಸೋತರು ಎಂದು ಬರೆದುಕೊಂಡು ಪುಸ್ತಕ ಮುಚ್ಚುತ್ತಿದ್ದರು. ಜಗಳ ಪ್ರಾಣಿಗಳನ್ನು ದೂರ ದೂರಕ್ಕೆ ಚದುರಿಸುತ್ತದೆ ಎಂಬುದು ಅವರ ಲೆಕ್ಕ. ಜಗಳ ಮುಗಿದ ಮೇಲಿನ ನಿಮಿಷಗಳನ್ನು ಯಾರೂ ನೋಡಿರಲಿಲ್ಲ. 1979ರಲ್ಲಿ ಡಿ ವಾಲ್ ಮತ್ತು ಆಂಜೆಲಿನ್ ವಾನ್ ರೂಸ್‌ಮಾಲೆನ್ ಆ ನಿಮಿಷಗಳ ಬಗ್ಗೆಯೇ ಪ್ರಬಂಧ ಪ್ರಕಟಿಸಿದರು. ಅದರಲ್ಲಿ ನಿಮ್ಮ ವಿಡಿಯೊಗೆ ನೇರವಾಗಿ ಸಂಬಂಧಪಟ್ಟ ಒಂದು ಮಾತಿದೆ: ಆ ಗುಂಪಿನಲ್ಲಿ ಮುತ್ತು ಮತ್ತು ಅಪ್ಪುಗೆ ಒಂದೇ ಕೆಲಸ ಮಾಡುತ್ತಿರಲಿಲ್ಲ. ಜಗಳವಾಡಿದ ಇಬ್ಬರು ಮತ್ತೆ ಸೇರುವಾಗ ಮುತ್ತು ಎದ್ದು ಕಾಣುತ್ತಿತ್ತು. ಜಗಳದಲ್ಲಿ ಪಾಲೇ ಇಲ್ಲದ ಮೂರನೆಯವರು ಬಂದು ಪೆಟ್ಟು ತಿಂದವರನ್ನು ಸಂತೈಸುವಾಗ ಅಪ್ಪುಗೆ ಹೆಚ್ಚು. ಮೊದಲನೆಯದು ರಾಜಿ, ಎರಡನೆಯದು ಸಾಂತ್ವನ. ಅಂತರ್ಜಾಲದಲ್ಲಿ ಓಡಾಡುವ ಇಂಥ ವಿಡಿಯೊಗಳ ತೊಂದರೆ ಇಲ್ಲೇ ಇರುವುದು. ಅಪ್ಪಿಕೊಂಡವರು ಯಾರು, ಹತ್ತು ನಿಮಿಷದ ಹಿಂದೆ ಕಚ್ಚಾಡಿದವರೇ ಅವರೋ ಎಂಬುದು ಕತ್ತರಿಸಿದ ದೃಶ್ಯದಲ್ಲಿ ತಿಳಿಯುವುದೇ ಇಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಜಗಳದ ನಂತರ ಎರಡು ಪ್ರಾಣಿಗಳು ಹತ್ತಿರ ಬಂದು ಮೈ ಮುಟ್ಟಿದ ಮಾತ್ರಕ್ಕೆ ರಾಜಿ ಎನ್ನಲಾಗದು. ಅವು ಜಗಳವಿಲ್ಲದ ದಿನವೂ ಅಷ್ಟೇ ಹೊತ್ತಿಗೊಮ್ಮೆ ಮುಟ್ಟಿಕೊಳ್ಳುತ್ತಿದ್ದರೆ? ಹಾಗಾಗಿ ಹೋಲಿಸಿ ನೋಡಬೇಕು. 1983ರಲ್ಲಿ ಡಿ ವಾಲ್ ಮತ್ತು ಯೋಶಿಹಾರ ರೀಸಸ್ ಕೋತಿಗಳ ಮೇಲೆ ಬಳಸಿದ ವಿಧಾನ ಇವತ್ತಿಗೂ ಎಲ್ಲರಿಗೂ ಬುನಾದಿ. ಜಗಳ ನಿಂತ ಕೂಡಲೇ ಇಬ್ಬರಲ್ಲಿ ಒಬ್ಬರನ್ನು ಹಿಡಿದು ಹತ್ತು ನಿಮಿಷ ಕಣ್ಣು ಕೀಳದೆ ನೋಡಬೇಕು. ಎದುರಾಳಿಯೊಂದಿಗೆ ಸ್ನೇಹದ ಸ್ಪರ್ಶವಾಯಿತೇ, ಎಷ್ಟನೆಯ ನಿಮಿಷದಲ್ಲಿ ಎಂದು ಬರೆದುಕೊಳ್ಳಬೇಕು. ಮರುದಿನ ಸರಿಸುಮಾರು ಅದೇ ಹೊತ್ತಿಗೆ, ಜಗಳವಿಲ್ಲದಾಗ, ಅದೇ ಪ್ರಾಣಿಯನ್ನು ಮತ್ತೆ ಹತ್ತು ನಿಮಿಷ ನೋಡಬೇಕು.

ಇಂಥ ಇಪ್ಪತ್ತು ಜಗಳಗಳ ಹಾಳೆಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಅವುಗಳಲ್ಲಿ ಒಂಬತ್ತರಲ್ಲಿ, ಜಗಳದ ದಿನವೇ ಸ್ಪರ್ಶ ಬೇಗ ನಡೆದಿದೆ, ಅಥವಾ ಆ ದಿನ ಮಾತ್ರ ನಡೆದಿದೆ. ಎರಡರಲ್ಲಿ ಅದಕ್ಕೆ ತಿರುಗಾಮುರುಗ, ಮರುದಿನವೇ ಬೇಗ. ಉಳಿದ ಒಂಬತ್ತರಲ್ಲಿ ವ್ಯತ್ಯಾಸ ಇಲ್ಲ. ಒಂಬತ್ತರಿಂದ ಎರಡನ್ನು ಕಳೆದರೆ ಏಳು, ಇಪ್ಪತ್ತಕ್ಕೆ ಏಳು ಎಂದರೆ ಶೇಕಡಾ 35. ಇದೇ ಆ ಗುಂಪಿನ ರಾಜಿಯ ಪ್ರಮಾಣ. ಎರಡನ್ನು ಕಳೆಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಬರೀ ಆಕಸ್ಮಿಕವಾಗಿ ಹತ್ತಿರ ಬಂದದ್ದು ಎರಡೂ ಕಡೆ ಸಮಸಮ ಬೀಳಬೇಕು, ಅದನ್ನು ಕಳೆದ ಮೇಲೆ ಉಳಿದದ್ದೇ ಜಗಳದಿಂದಾಗಿ ಆದ ಸೆಳೆತ. ಈ ಪರೀಕ್ಷೆಯಲ್ಲಿ ಚಿಂಪಾಂಜಿಗಳು ಮತ್ತೆ ಮತ್ತೆ ಗೆದ್ದಿವೆ. ಸ್ಪರ್ಶ ಹೆಚ್ಚಾಗಿ ಮೊದಲ ಕೆಲವು ನಿಮಿಷಗಳಲ್ಲೇ ನಡೆಯುತ್ತದೆ, ಅದೂ ಗುಂಪಿನ ಯಾರೋ ಒಬ್ಬರ ಜೊತೆಗಲ್ಲ, ಜಗಳವಾಡಿದವರ ಜೊತೆಗೇ. ಆದ್ದರಿಂದ ಇದು ನಮ್ಮ ಕಲ್ಪನೆಯಲ್ಲ. ಇಷ್ಟಾದರೂ ಆ ಕಾಲದಲ್ಲಿ ‘ರಾಜಿ’ ಎಂದರೆ ಮನುಷ್ಯರ ಗುಣವನ್ನು ಪ್ರಾಣಿಗಳಿಗೆ ಹಚ್ಚಿದಂತೆ ಎಂದು ತಕರಾರು ತೆಗೆದು, ಮುತ್ತನ್ನು ‘ಬಾಯಿಗೆ ಬಾಯಿ ತಾಗಿಸುವ ಸಂಪರ್ಕ’ ಎಂದು ಕರೆಯಿರಿ ಎಂದ ಪಂಡಿತರೂ ಇದ್ದರು. ನನ್ನ ಮಟ್ಟಿಗೆ ಅದು ಶುದ್ಧ ಮಡಿವಂತಿಕೆ.

ಇನ್ನು ಏಕೆ ಎಂಬ ಪ್ರಶ್ನೆ. ಚಿಂಪಾಂಜಿಗಳು ಎಲ್ಲ ಜಗಳವನ್ನೂ ರಾಜಿಯಲ್ಲಿ ಮುಗಿಸುವುದಿಲ್ಲ. ಆರ್ನೆಮ್‌ನಲ್ಲಿ ದೊಡ್ಡ ಗಂಡುಗಳ ನಡುವಿನ ಜಗಳಗಳಲ್ಲಿ ಸುಮಾರು ಅರ್ಧದಷ್ಟು ರಾಜಿಯಲ್ಲಿ ಮುಗಿದರೆ, ಹೆಣ್ಣುಗಳ ನಡುವಿನವು ಐದರಲ್ಲಿ ಒಂದರಷ್ಟು ಕೂಡ ಮುಗಿಯುತ್ತಿರಲಿಲ್ಲ. ಹೆಣ್ಣುಗಳು ಜಗಳವಾಡುವುದೇ ಕಡಿಮೆ, ಆಡಿದರೆ ಹಗೆ ಉಳಿಯುತ್ತಿತ್ತು. ಕಾರಣ ಸ್ವಭಾವಕ್ಕಿಂತ ಕಾಡಿನ ಬದುಕಿನಲ್ಲಿದೆ. ಆಫ್ರಿಕಾದ ಕಾಡಿನಲ್ಲಿ ಗಂಡು ಚಿಂಪಾಂಜಿ ಹುಟ್ಟಿದ ಗುಂಪಿನಲ್ಲೇ ಸಾಯುವವರೆಗೆ ಇರುತ್ತದೆ. ಹೆಣ್ಣುಗಳು ಪ್ರಾಯಕ್ಕೆ ಬಂದಾಗ ಸಾಮಾನ್ಯವಾಗಿ ಬೇರೆ ಗುಂಪಿಗೆ ಹೋಗುತ್ತವೆ. ಗಡಿ ಕಾಯಲು, ಬೇಟೆಯಾಡಲು, ಪಟ್ಟಕ್ಕಾಗಿ ಪೈಪೋಟಿ ನಡೆಸುವಾಗ ಬೆಂಬಲಕ್ಕೆ ಗಂಡಿಗೆ ಗಂಡು ಬೇಕೇ ಬೇಕು. ಇಂದಿನ ಎದುರಾಳಿಯೇ ನಾಳೆ ಪಕ್ಕದ ಗುಂಪಿನ ಗಂಡುಗಳು ನುಗ್ಗಿದಾಗ ಹೆಗಲಿಗೆ ಹೆಗಲು ಕೊಡಬೇಕಾದವನು. ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಒಂದೇ ಗುಂಪು ಎರಡಾಗಿ ಒಡೆದಾಗ, 1974ರಿಂದ 1977ರವರೆಗೆ ಒಂದು ಪಾಳೆಯದ ಗಂಡುಗಳು ಇನ್ನೊಂದು ಪಾಳೆಯದ ಗಂಡುಗಳನ್ನು ಒಬ್ಬೊಬ್ಬರಾಗಿ ಹುಡುಕಿ ಹೊಡೆದು ಕೊಂದವು. ಹಳೆಯ ಒಡನಾಡಿಗಳು ಬೇರೆ ಗುಂಪಿನವರಾದ ಮೇಲೆ ಅಲ್ಲಿ ರಾಜಿಯ ಮಾತೇ ಇರಲಿಲ್ಲ.

ಬೇಕಾದವರೊಂದಿಗೆ ಮಾತ್ರ ರಾಜಿ ಎಂಬ ಈ ವಿಚಾರವನ್ನು ಪ್ರಯೋಗದಿಂದ ಪರೀಕ್ಷಿಸಿದವರು ಮರೀನಾ ಕಾರ್ಡ್ಸ್ ಮತ್ತು ಸಿಲ್ವಿ ಥರ್ನ್‌ಹೀರ್, 1993ರಲ್ಲಿ. ಅವರು ಚಿಂಪಾಂಜಿಗಳನ್ನಲ್ಲ, ಉದ್ದ ಬಾಲದ ಮಕಾಕ್ ಕೋತಿಗಳನ್ನು ತೆಗೆದುಕೊಂಡರು. ಜೋಡಿ ಕೋತಿಗಳಿಗೆ ಒಟ್ಟಿಗೆ ಪಕ್ಕಪಕ್ಕದಲ್ಲಿ ಕುಳಿತರಷ್ಟೇ ಪಾಪ್‌ಕಾರ್ನ್ ಸಿಗುವಂತೆ ಅಭ್ಯಾಸ ಮಾಡಿಸಿದರು. ಅಭ್ಯಾಸಕ್ಕೆ ಮೊದಲು ಇದ್ದದ್ದಕ್ಕಿಂತ ಅವುಗಳ ರಾಜಿಯ ಪ್ರಮಾಣ ಸುಮಾರು ಮೂರು ಪಟ್ಟಾಯಿತು. ಕೋತಿಗಳು ಅವೇ, ಜಗಳವೂ ಅದೇ, ಇನ್ನೊಬ್ಬರ ಬೆಲೆ ಮಾತ್ರ ಏರಿತ್ತು. ಐವರಿ ಕೋಸ್ಟ್‌ನ ತಾಯ್ ಕಾಡಿನ ಚಿಂಪಾಂಜಿಗಳನ್ನು ವರ್ಷಗಟ್ಟಲೆ ನೋಡಿದ ರೋಮನ್ ವಿಟ್ಟಿಗ್ ಮತ್ತು ಕ್ರಿಸ್ಟೋಫ್ ಬೋಶ್ ಅವರಿಗೂ, ಹೆಚ್ಚು ಆಪ್ತರು ಹೆಚ್ಚು ರಾಜಿಯಾಗುವುದು ಕಂಡಿತು. ಆದರೆ ಕಾಡಿನಲ್ಲಿ ಒಟ್ಟಾರೆ ಪ್ರಮಾಣ ಮೃಗಾಲಯಗಳಿಗಿಂತ ಕಡಿಮೆ. ಅಲ್ಲಿ ಮನಸ್ತಾಪ ಬಂದರೆ ಬೇರೆ ಮರಕ್ಕೆ ಹೋಗಿ ಕೂರಬಹುದು, ಗೋಡೆಯಿರುವ ಕಡೆ ಹೋಗಲು ಜಾಗವಿಲ್ಲ.

ರಾಜಿ ಜಗಳವಾಡಿದವರ ಮೈಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಕೆರೆತವನ್ನು ನೋಡುತ್ತಾರೆ. ಆತಂಕದಲ್ಲಿರುವ ಮಂಗ, ಚಿಂಪಾಂಜಿ ತನ್ನ ಮೈಯನ್ನು ತಾನೇ ಪರಪರ ಕೆರೆದುಕೊಳ್ಳುತ್ತದೆ, ಜಗಳ ಮುಗಿದ ಮೇಲೆ ಇದು ಹೆಚ್ಚುತ್ತದೆ. ಹಲವು ಜಾತಿಗಳಲ್ಲಿ ಪೆಟ್ಟು ತಿಂದವನಷ್ಟೇ ಅಲ್ಲ, ಪೆಟ್ಟು ಕೊಟ್ಟವನೂ ಕೆರೆಯುತ್ತಾನೆ! ಹಾಗಾದರೆ ಭಯ ಬರೀ ಮತ್ತೆ ಏಟು ಬೀಳುತ್ತದೆಂಬುದಲ್ಲ, ನಂಟು ಕಡಿದುಹೋಗುತ್ತದೆಂಬುದೂ ಇರಬೇಕು. ರಾಜಿಯಾದ ಮೇಲೆ ಕೆರೆತ ಮಾಮೂಲಿಗೆ ಇಳಿಯುತ್ತದೆ, ಮತ್ತೆ ಜಗಳವೇಳುವ ಸಂಭವವೂ ಇಳಿಯುತ್ತದೆ. ಮೂರನೆಯವರ ಸಾಂತ್ವನಕ್ಕೂ ಇಂಥದೇ ಫಲ ಉಂಟೋ ಎಂಬುದರಲ್ಲಿ ಇನ್ನೂ ಒಮ್ಮತ ಇಲ್ಲ. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ಗುಂಪಿನಲ್ಲಿ ಅಪ್ಪುಗೆ ಸಿಕ್ಕ ಮೇಲೆ ಕೆರೆತ ಇಳಿಯಿತೆಂದು 2008ರಲ್ಲಿ ವರದಿಯಾಯಿತು. ಅದಕ್ಕೊಂದು ವರ್ಷ ಹಿಂದೆ ಆರ್ನೆಮ್‌ನ ಗುಂಪನ್ನು ನೋಡಿದವರಿಗೆ ಅಂಥ ಇಳಿತ ಕಂಡಿರಲಿಲ್ಲ. ಅಪ್ಪುಗೆ ಕೊಟ್ಟವರು ಎಷ್ಟು ಆಪ್ತರು ಎಂಬುದರ ಮೇಲೆ ಅದು ನಿಂತಿರಬಹುದು ಎಂದು ನನಗೆ ಅನ್ನಿಸುತ್ತದೆ.

ಗುಂಪಿಗೇನು ಎಂದು ನೀವು ಕೇಳಿದ್ದೀರಿ. ಇಲ್ಲಿ ಆರ್ನೆಮ್‌ನ ಗಂಡುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಗಳವಾಡಿದ ಎರಡು ದೊಡ್ಡ ಗಂಡುಗಳು ಕೆಲವು ಮೀಟರ್ ಅಂತರದಲ್ಲಿ ಎದುರುಬದುರು ಕೂರುತ್ತವೆ. ಒಂದು ನೋಡಿದಾಗ ಇನ್ನೊಂದು ಆಕಾಶ ನೋಡುತ್ತದೆ, ಹುಲ್ಲು ಕೀಳುತ್ತದೆ, ತನ್ನ ಬೆರಳನ್ನೇ ಪರೀಕ್ಷಿಸುತ್ತದೆ. ಮೊದಲು ಹತ್ತಿರ ಹೋದವನು ಸೋತಂತೆ. ಕಣ್ಣಿಗೆ ಕಣ್ಣು ಸೇರಿದರೆ ಮಾತ್ರ ಒಬ್ಬ ಅಂಗೈ ಮೇಲೆ ಮಾಡಿ ಕೈ ಚಾಚುತ್ತಾನೆ, ಆಮೇಲೆ ಮುತ್ತು, ಆಮೇಲೆ ಹೇನು ಹೆಕ್ಕುವುದು. ಸೇರದಿದ್ದರೆ ಕೆಲವೊಮ್ಮೆ ಒಂದು ನೆಪ ಹುಟ್ಟುತ್ತದೆ. ಒಬ್ಬ ಹುಲ್ಲಿನಲ್ಲಿ ಏನೋ ಸಿಕ್ಕಿತೆಂಬಂತೆ ಕೂಗುತ್ತಾನೆ. ಎಲ್ಲರೂ ಓಡಿ ಬಂದು ನೋಡಿ, ಏನೂ ಇಲ್ಲವೆಂದು ಹೊರಟುಹೋಗುತ್ತಾರೆ. ಆ ಇಬ್ಬರು ಮಾತ್ರ ಅಲ್ಲೇ ಉಳಿದು, ತಲೆಗೆ ತಲೆ ಹತ್ತಿರ ತಂದು ಆ ‘ಏನನ್ನೋ’ ಮೂಸಿ ನೋಡುತ್ತಾ ಭುಜ ತಾಗಿಸುತ್ತಾರೆ. ಕೆಲವು ನಿಮಿಷಕ್ಕೆ ಹೇನು ಹೆಕ್ಕಲು ಶುರು. ಯಾರ ಮಾನವೂ ಹೋಗಲಿಲ್ಲ.

ನೆಪವೂ ಹುಟ್ಟದಿದ್ದಾಗ ಮಧ್ಯಸ್ಥಿಕೆಗೆ ಬರುತ್ತಿದ್ದದ್ದು ಹಿರಿಯ ಹೆಣ್ಣು, ನಮ್ಮ ಹಳ್ಳಿಗಳಲ್ಲಿ ಜಮೀನಿನ ಬದುವಿಗೆ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಓಡಾಡುವ ಅತ್ತೆಯ ಹಾಗೆ. ಅವಳು ಒಬ್ಬನ ಬಳಿ ಹೋಗಿ ಸ್ವಲ್ಪ ಹೊತ್ತು ಹೇನು ಹೆಕ್ಕುತ್ತಾಳೆ. ಎದ್ದು ನಿಧಾನವಾಗಿ ಇನ್ನೊಬ್ಬನ ಕಡೆ ನಡೆಯುತ್ತಾಳೆ. ಮೊದಲನೆಯವನು ತಲೆಯೆತ್ತದೆ ಅವಳ ಹಿಂದೆಯೇ ಬರುತ್ತಾನೆ, ಏಕೆಂದರೆ ಅವಳ ಬೆನ್ನಿಗೆ ಬಿದ್ದಿದ್ದೇನೆಯೇ ಹೊರತು ಅವನ ಕಡೆಗಲ್ಲ ಎಂದು ತೋರಿಸಿಕೊಳ್ಳಬಹುದು. ಅವನು ಹಿಂದುಳಿದರೆ ಅವಳು ತಿರುಗಿ ನೋಡಿ ಕಾಯುತ್ತಾಳೆ, ಬೇಕಾದರೆ ಹೋಗಿ ತೋಳು ಹಿಡಿದು ಎಳೆಯುತ್ತಾಳೆ. ಎರಡನೆಯವನ ಬಳಿ ಕುಳಿತಾಗ ಇಬ್ಬರೂ ಎಡಬಲದಲ್ಲಿ ಅವಳ ಹೇನು ಹೆಕ್ಕತೊಡಗುತ್ತಾರೆ. ಸರಿಯಾದ ಹೊತ್ತಿಗೆ ಅವಳು ಸದ್ದಿಲ್ಲದೆ ಎದ್ದು ಹೋಗುತ್ತಾಳೆ, ಇಬ್ಬರು ಗಂಡುಗಳು ಒಬ್ಬರ ಮೈಮೇಲೆ ಒಬ್ಬರು ಕೈಯಿಟ್ಟು ಉಳಿಯುತ್ತಾರೆ. ಅವಳಿಗೆ ಇದರಲ್ಲಿ ಲಾಭವೂ ಇದೆ. ಗಂಡುಗಳ ಒತ್ತಡ ಬಿಗಿದಿರುವಷ್ಟು ಕಾಲವೂ ಅದು ಎಲ್ಲಿ ಸಿಡಿಯುತ್ತದೋ ಗೊತ್ತಿಲ್ಲ, ಸಿಡಿದರೆ ಹೆಣ್ಣುಗಳಿಗೂ ಮರಿಗಳಿಗೂ ಏಟು. ತಾಯ್ ಕಾಡಿನಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ದಾರಿಯನ್ನು 2010ರಲ್ಲಿ ವಿಟ್ಟಿಗ್ ಮತ್ತು ಬೋಶ್ ವಿವರಿಸಿದರು. ಹೊಡೆದವನ ಆಪ್ತ ಗೆಳೆಯ ಬಂದು ಏಟು ತಿಂದವನನ್ನು ಸ್ನೇಹದಿಂದ ಮುಟ್ಟಿದರೆ ಸಾಕು, ಹೊಡೆದವನೇ ಬಂದಂತೆ ಇಬ್ಬರ ಸಂಬಂಧ ಸರಿಹೋಗುತ್ತದೆ.

ರಾಜಿಯ ಈ ಪದ್ಧತಿಯಲ್ಲಿ ಮೋಸಕ್ಕೂ ಜಾಗವಿದೆ. ಆರ್ನೆಮ್‌ನ ಪೂಯಿಸ್ಟ್ ಎಂಬ ದಢೂತಿ ಹೆಣ್ಣು ಜಗಳದ ನಂತರ ಸ್ನೇಹದಿಂದ ಕೈ ಚಾಚಿ ಕರೆಯುತ್ತಿತ್ತು. ಎದುರಾಳಿ ಅನುಮಾನಿಸುತ್ತಲೇ ಹತ್ತಿರ ಬಂದರೆ ಥಟ್ಟನೆ ಹಿಡಿದು ಕಚ್ಚುತ್ತಿತ್ತು. ಅವಳ ಕೈ ಚಾಚುವಿಕೆಯನ್ನು ಉಳಿದವು ಅಳುಕಿನಿಂದಲೇ ನೋಡುತ್ತಿದ್ದವು. ಮೋಸ ಅಪರೂಪವಾಗಿರುವವರೆಗೆ ಮಾತ್ರ ಆ ಸಂಜ್ಞೆಗೆ ಬೆಲೆ.

ರಾಜಿ ಸಾಲದೆ ಹೋದಾಗ ಏನಾಗುತ್ತದೆ ಎಂಬುದಕ್ಕೂ ಅದೇ ಗುಂಪು ಸಾಕ್ಷಿ. ಯೆರೂನ್ ಎಂಬ ಹಿರಿಯ ಮತ್ತು ನಿಕ್ಕಿ ಎಂಬ ಕಿರಿಯ ಗಂಡು ಕೂಡಿಕೊಂಡು, ಇಬ್ಬರಿಗಿಂತ ಬಲಶಾಲಿಯಾದ ಲೂಯಿಟ್‌ನನ್ನು ಅಂಕೆಯಲ್ಲಿಟ್ಟಿದ್ದವು. ಮುಖಂಡ ನಿಕ್ಕಿ, ಅವನ ಆಸರೆ ಯೆರೂನ್. 1980ರ ಬೇಸಿಗೆಯಲ್ಲಿ ಈ ಇಬ್ಬರ ಮೈತ್ರಿ ಮುರಿಯಿತು, ಪಟ್ಟ ಲೂಯಿಟ್‌ಗೆ ಹೋಯಿತು. ಕೆಲವು ವಾರಗಳ ಬಳಿಕ ಒಂದು ರಾತ್ರಿ ಮೂವರೂ ಒಂದೇ ಮಲಗುವ ಕೋಣೆಯಲ್ಲಿದ್ದಾಗ ಯೆರೂನ್ ಮತ್ತು ನಿಕ್ಕಿ ಸೇರಿ ಲೂಯಿಟ್‌ನನ್ನು ಭಯಂಕರವಾಗಿ ಗಾಯಗೊಳಿಸಿದವು. ಬೆಳಿಗ್ಗೆ ಹೊಲಿಗೆ ಹಾಕಿ ಚಿಕಿತ್ಸೆ ಕೊಟ್ಟರೂ ಅವನು ಉಳಿಯಲಿಲ್ಲ. ಹಗಲಲ್ಲಿ ಇಡೀ ಗುಂಪು ಸುತ್ತ ಇರುತ್ತಿತ್ತು, ಹೆಣ್ಣುಗಳು ನಡುವೆ ಬರಬಹುದಿತ್ತು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಆ ಮೂವರ ನಡುವೆ ಬರಲು ಯಾರೂ ಇರಲಿಲ್ಲ.

ಅಂಜನಾದ್ರಿಗೆ ಬರೋಣ. ಅಲ್ಲಿನ ಮೆಟ್ಟಿಲುಗಳ ಮೇಲೆ, ಆನೆಗೊಂದಿಯ ಬಂಡೆಗಳ ಮೇಲೆ ಕಾಣುವ ಕೆಂಪು ಮೂತಿಯವು ಬಾನೆಟ್ ಮಕಾಕ್ ಎಂಬ ಮಂಗಗಳು, ಚಿಂಪಾಂಜಿಗೆ ದೂರದ ನೆಂಟರು. ರಾಜಿ ಅವುಗಳಲ್ಲೂ ಇದೆ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರು ವಿದೇಶಿ ಸಹೋದ್ಯೋಗಿಗಳ ಜೊತೆಗೂಡಿ ಇದೇ ಹೋಲಿಕೆಯ ವಿಧಾನದಿಂದ ಅದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಈ ಜಾತಿಯ ಗಂಡುಗಳು ಬೇರೆ ಮಕಾಕ್‌ಗಳಿಗಿಂತ ಒಬ್ಬರಿಗೊಬ್ಬರು ಬಹಳ ಸಲಿಗೆಯವು, ಅಪ್ಪಿಕೊಳ್ಳುವುದು, ಒಟ್ಟಿಗೆ ಕೂರುವುದು ಅವಕ್ಕೆ ದಿನದ ಮಾತು. ಮುತ್ತನ್ನು ಮಾತ್ರ ನಿರೀಕ್ಷಿಸಬೇಡಿ. ತುಟಿಗಳನ್ನು ಲಪಲಪ ಬಡಿಯುವುದು, ಅಪ್ಪುಗೆ, ಹೇನು ಹೆಕ್ಕುವುದನ್ನು ನೋಡಿ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಒಂದು ಎಚ್ಚರಿಕೆ, ಏಕೆಂದರೆ ನನ್ನ ವಿದ್ಯಾರ್ಥಿಗಳ ಹಾಳೆಗಳು ಹಾಳಾಗುತ್ತಿದ್ದದ್ದು ಹೆಚ್ಚಾಗಿ ಇದರಿಂದಲೇ. ಭಕ್ತರು ಬಾಳೆಹಣ್ಣು ಎಸೆದ ಜಾಗದಲ್ಲಿ ಜಗಳವಾದರೆ ಹತ್ತು ನಿಮಿಷದಲ್ಲಿ ಇಬ್ಬರು ಎದುರಾಳಿಗಳೂ ಮತ್ತೆ ಅದೇ ಸಿಪ್ಪೆಯ ಬಳಿ ಸೇರುತ್ತವೆ. ಅದು ಹಣ್ಣಿನ ಸೆಳೆತ, ರಾಜಿಯಲ್ಲ. ತಿನಿಸಿಗಾಗಿ ಆದ ಜಗಳಗಳಲ್ಲಿ ರಾಜಿ ಕಡಿಮೆ ಎಂಬುದು ಬೇರೆ ಕೋತಿ ಜಾತಿಗಳಲ್ಲೂ ಕಂಡಿದೆ, ತಿಂದುಬಿಟ್ಟರೆ ಜಗಳದ ಕಾರಣವೇ ಮುಗಿಯಿತು. ಆದ್ದರಿಂದ ಬೆಳಗಿನ ಹೊತ್ತು, ಜನಜಂಗುಳಿ ಸೇರುವ ಮೊದಲು, ಮೆಟ್ಟಿಲಿನಿಂದ ದೂರದ ಬಂಡೆಗಳ ಮೇಲೆ ನೋಡಿ. ಒಂದೊಂದು ಮಂಗವನ್ನು ಗುರುತಿಸಲು ಹರಿದ ಕಿವಿ, ಮುರಿದ ಬೆರಳು, ಬಾಲದ ಬಾಗು ಮೊದಲಾದವನ್ನು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮರುದಿನ ನೋಡುತ್ತಿರುವುದು ನಿನ್ನೆಯದೇ ಮಂಗವೋ ಎಂಬುದು ತಿಳಿಯದು. ಹುಡುಗಿಯ ಕೈಯಲ್ಲಿ ಒಂದು ಗಡಿಯಾರ ಕೊಡಿ. ನೀವು ಏನನ್ನೂ ಎಸೆಯಬೇಡಿ.